ಅಜ್ಜನ ಹೆಬ್ಬೆರಳು

ಕೇಳುಗರಿಗೆ ನಮಸ್ಕಾರ. ಇಮೋಜಿಯ ಬಗ್ಗೆ ಬಾನುಲಿಯಲ್ಲಿ ಮಾತನಾಡುವುದು ಸ್ವಲ್ಪ ತಮಾಷೆಯ ಕೆಲಸವೇ. ತೋರಿಸಲು ನನ್ನ ಬಳಿ ಪರದೆಯಿಲ್ಲ, ನೋಡಲು ನಿಮ್ಮ ಬಳಿ ಕಿವಿ ಮಾತ್ರ ಇದೆ. ಆದರೂ ಈ ವಿಷಯಕ್ಕೆ ಇದೇ ತಕ್ಕ ಜಾಗ ಎನಿಸುತ್ತದೆ. ದನಿ ಇಲ್ಲದ ಕಡೆ ದನಿಯ ಕೆಲಸ ಮಾಡಲೆಂದೇ ಆ ಪುಟ್ಟ ಚಿತ್ರಗಳು ಬಂದಿರುವುದು.

‘ಸರಿ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಸರಿ. ಸರೀ... ಸರಿಯಪ್ಪಾ. ಸರಿ ಸರಿ. ಸರಿ ಬಿಡು. ಒಂದೊಂದರಲ್ಲಿ ಒಂದೊಂದು ಮನಸ್ಸಿದೆ. ಕೊನೆಯದರಲ್ಲಿ ಜಗಳವೇ ಇದೆ. ಕನ್ನಡದಲ್ಲಿ ನಾವು ಮಾತನ್ನು ಮೆತ್ತಗೆ ಮಾಡುವುದು ಹೀಗೆ, ಸ್ವರವನ್ನು ಎಳೆದು, ಕೊನೆಗೊಂದು ‘ಅಪ್ಪ’, ‘ಅಮ್ಮ’, ‘ಕಣೋ’ ಸೇರಿಸಿ. ಮೊಬೈಲಿನಲ್ಲಿ ಬರೆಯುವಾಗ ಎಳೆಯಲು ಬರುವುದಿಲ್ಲ. ಬರೀ ‘ಸರಿ’ ಎಂದು ಹೋದರೆ ಒಣ ಕಡ್ಡಿಯ ಹಾಗೆ ಕಾಣುತ್ತದೆ. ಪಕ್ಕದಲ್ಲಿ ಒಂದು ನಗುಮುಖ ಇಟ್ಟರೆ ‘ಸರೀ...’ ಎಂದು ಎಳೆದಂತಾಗುತ್ತದೆ.

ಆದರೆ ಎಲ್ಲರೂ ಅದನ್ನು ದನಿಯೆಂದು ಬಳಸುವುದಿಲ್ಲ. ಇದು ನನಗೆ ತಿಳಿದದ್ದು ನನ್ನ ಮನೆಯಲ್ಲೇ, ಅದೂ ಒಂದು ಹೆಬ್ಬೆರಳಿನಿಂದ.

ನನ್ನ ಮಗಳು ಪುಣೆಯ ಹಾಸ್ಟೆಲಿನಲ್ಲಿದ್ದಾಳೆ. ಒಂದು ದೀಪಾವಳಿಗೆ ಮುಂಚೆ ಸಾಗರದಲ್ಲಿರುವ ಅಜ್ಜನಿಗೆ ಉದ್ದವಾಗಿ ಬರೆದಳು. ಪರೀಕ್ಷೆ ಇದೆ, ರಜೆ ಸಿಗಲಿಲ್ಲ, ಈ ಸಲ ಹಬ್ಬಕ್ಕೆ ಬರಲಾಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ ಅಜ್ಜ ಎಂದು ಹತ್ತು ಸಾಲು. ಉತ್ತರವಾಗಿ ಬಂದದ್ದು ಒಂದೇ ಒಂದು, ಮೇಲೆತ್ತಿದ ಹಳದಿ ಹೆಬ್ಬೆರಳು. ರಾತ್ರಿ ಮಗಳು ನನಗೆ ಫೋನ್ ಮಾಡಿ, “ಅಜ್ಜನಿಗೆ ಸಿಟ್ಟು ಬಂದಿದೆ ಅಮ್ಮ. ಮಾತೇ ಬೇಡ ಎನ್ನುವ ಹಾಗೆ ಹೆಬ್ಬೆರಳು ಎತ್ತಿಬಿಟ್ಟರು” ಎಂದು ಅಳುವುದಕ್ಕೇ ಶುರು ಮಾಡಿದಳು. ಅವಳ ಓರಗೆಯವರಲ್ಲಿ ಹತ್ತು ಸಾಲಿಗೆ ಬರೀ ಹೆಬ್ಬೆರಳು ಬಂದರೆ ಅದರರ್ಥ ‘ಓದಿದೆ, ಇಲ್ಲಿಗೆ ಮುಗಿಸು’ ಎಂದು.

ನಾನು ಅಪ್ಪನಿಗೆ ಫೋನ್ ಮಾಡಿದೆ. ಅವರು ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. “ಸಿಟ್ಟೇ? ನನಗೇಕೆ ಸಿಟ್ಟು? ಕಾಗದ ತಲುಪಿತು ಎಂದು ಸಹಿ ಹಾಕಿದೆ, ಅಷ್ಟೆ” ಎಂದರು. ರಿಜಿಸ್ಟರ್ ಅಂಚೆಯ ಜೊತೆ ಒಂದು ಸ್ವೀಕೃತಿ ಕಾರ್ಡು ಬರುತ್ತಿತ್ತಲ್ಲ, ಪಡೆದವರು ಸಹಿ ಹಾಕಿದರೆ ಕಳುಹಿಸಿದವರಿಗೆ ಹಿಂದಕ್ಕೆ ಹೋಗುವಂಥದ್ದು, ಅಪ್ಪನ ಹೆಬ್ಬೆರಳು ಅದೇ ಕಾರ್ಡು. ಅದಕ್ಕೆ ದನಿಯಿಲ್ಲ, ಅದೊಂದು ಮುದ್ರೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದ ಊರಿನಲ್ಲಿ ಬಾಳಿದವರಿಗೆ ಹೆಬ್ಬೆರಳೆಂದರೆ ಮುದ್ರೆ ಎನಿಸುವುದರಲ್ಲಿ ಆಶ್ಚರ್ಯವೇನಿದೆ?

ಈ ಗೊಂದಲ ನಮ್ಮ ಮನೆಯಲ್ಲಿ ಮುಗಿಯಿತು. ಕೆನಡಾದಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. 2021ರ ಮಾರ್ಚಿನಲ್ಲಿ ಸಸ್ಕಾಚೆವಾನ್ ಪ್ರಾಂತ್ಯದ ಧಾನ್ಯ ಖರೀದಿದಾರರೊಬ್ಬರು ಅಗಸೆ ಬೀಜದ ಒಪ್ಪಂದಕ್ಕೆ ಸಹಿ ಮಾಡಿ, ಅದರ ಫೋಟೊ ತೆಗೆದು ರೈತನಿಗೆ ಕಳುಹಿಸಿದರು. ದಯವಿಟ್ಟು ಖಚಿತಪಡಿಸಿ ಎಂದು ಜೊತೆಗೆ ಬರೆದಿದ್ದರು. ರೈತ ಹೆಬ್ಬೆರಳು ಕಳುಹಿಸಿದ. 80ಕ್ಕೂ ಹೆಚ್ಚು ಟನ್ ಮಾಲು ನವೆಂಬರಿನಲ್ಲಿ ತಲುಪಬೇಕಿತ್ತು. ಅಷ್ಟರಲ್ಲಿ ಅಗಸೆಯ ಬೆಲೆ ದುಪ್ಪಟ್ಟಿಗಿಂತ ಮೇಲೇರಿತು, ಮಾಲು ಬರಲಿಲ್ಲ. ರೈತ ಹೇಳಿದ್ದು ನಮ್ಮ ಅಪ್ಪ ಹೇಳಿದ್ದನ್ನೇ: ‘ಒಪ್ಪಂದದ ಪತ್ರ ಕೈಸೇರಿತು ಎಂದಷ್ಟೇ ನನ್ನ ಅರ್ಥ, ಒಪ್ಪಿದೆ ಎಂದಲ್ಲ.’ ನ್ಯಾಯಾಧೀಶರು ಮಾಡಿದ ಕೆಲಸ ಜಾಣತನದ್ದು. ಅವರು ಬರೀ ಚಿತ್ರವನ್ನು ನೋಡುತ್ತ ಕೂರಲಿಲ್ಲ, ಇವರಿಬ್ಬರ ನಡುವಿನ ಹಳೆಯ ಸಂದೇಶಗಳನ್ನೂ ನೋಡಿದರು. ಹಿಂದಿನ ಒಪ್ಪಂದಗಳಿಗೂ ಆ ರೈತ ‘ಆಯಿತು’, ‘ಹೂಂ’ ಎಂಬಂಥ ತುಂಡು ಉತ್ತರ ಕೊಟ್ಟಿದ್ದ, ಆಗೆಲ್ಲ ಮಾಲೂ ಬಂದಿತ್ತು. ಹಾಗಾದರೆ ಈ ಹೆಬ್ಬೆರಳೂ ಅದೇ ‘ಆಯಿತು’. 2023ರಲ್ಲಿ ತೀರ್ಪು ಬಂತು; ರೈತ 82 ಸಾವಿರ ಕೆನಡಾ ಡಾಲರಿಗಿಂತ ಹೆಚ್ಚು ಪರಿಹಾರ ಕೊಡಬೇಕಾಯಿತು.

ನಮ್ಮ ಮದ್ರಾಸ್ ಹೈಕೋರ್ಟಿನ ಮುಂದೆ ಬಂದದ್ದು ಇನ್ನೊಂದು ಬಗೆಯದು. ರೈಲ್ವೆ ರಕ್ಷಣಾ ಪಡೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ, ಅಧಿಕಾರಿಯೊಬ್ಬರ ಹತ್ಯೆಯ ಸುದ್ದಿ ಬಂದಾಗ ಕಾನ್‌ಸ್ಟೆಬಲ್ ಒಬ್ಬರು ಹೆಬ್ಬೆರಳು ಒತ್ತಿದರು. ಸಾವಿಗೆ ಸಂತೋಷಪಟ್ಟರು ಎಂದು ಅವರನ್ನು ಕೆಲಸದಿಂದ ತೆಗೆದುಹಾಕಲಾಯಿತು. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಆ ಚಿಹ್ನೆ ‘ಸುದ್ದಿ ತಿಳಿಯಿತು’ ಎನ್ನುವುದಕ್ಕೆ ಬದಲಾಗಿ ಬಳಸುವಂಥದ್ದು, ಸಂಭ್ರಮವಲ್ಲ ಎಂದು ಕೆಲಸ ಮರಳಿ ಕೊಡಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ಒಂದೇ ಬೆರಳು: ಅಲ್ಲಿ ಒಪ್ಪಿಗೆ, ಇಲ್ಲಿ ಬರೀ ಸ್ವೀಕೃತಿ, ನನ್ನ ಮಗಳಿಗೆ ಮುನಿಸು.

ಸಾವಿನ ಸುದ್ದಿ ಎಂದಾಗ ನೆನಪಾಯಿತು. ನಮ್ಮ ಬಂಧುಗಳ ಗುಂಪಿನಲ್ಲಿ ಹಿರಿಯರೊಬ್ಬರು ತೀರಿಕೊಂಡ ದಿನ, ‘ದೇವರು ಆತ್ಮಕ್ಕೆ ಶಾಂತಿ ಕೊಡಲಿ’ ಎಂದು ಬರೆದು, ಚಿಕ್ಕಮ್ಮ ಅದರ ಮುಂದೆ ಮೂರು ಮುಖ ಇಟ್ಟರು. ಮೂರೂ ಕಣ್ಣಲ್ಲಿ ನೀರು ಬರುವಷ್ಟು ನಗುವ ಮುಖಗಳು. ಅವರಿಗೆ ಕಂಡದ್ದು ನೀಲಿ ಹನಿ ಮಾತ್ರ. ಕಡಲೆಕಾಳಿನಷ್ಟು ಚಿತ್ರದಲ್ಲಿ, ಕನ್ನಡಕವಿಲ್ಲದ ಕಣ್ಣಿಗೆ ಹಲ್ಲು ಎಲ್ಲಿ ಕಾಣಬೇಕು? ಗುರುತು ಹಿಡಿಯುವುದು ಬಾಯಿಯಿಂದ ಮತ್ತು ನೀರಿನ ಹರಿವಿನಿಂದ. ಕಣ್ಣಂಚಿನಲ್ಲಿ ಎರಡೇ ಹನಿ ನಿಂತು ಬಾಯಲ್ಲಿ ಬಿಳಿಯ ಹಲ್ಲಿನ ಸಾಲಿದ್ದರೆ ನಗು. ಕೆನ್ನೆಯ ಮೇಲೆ ಎರಡು ತೊರೆ ಹರಿಯುತ್ತಿದ್ದರೆ ಅಳು.

ಹೀಗೆಂದು ಚಿಕ್ಕಮ್ಮನಿಗೆ ಕಲಿಸಿಕೊಟ್ಟೆ. ಆಮೇಲೆ ಮಗಳ ಮೊಬೈಲು ನೋಡಿದರೆ ನನ್ನ ಪಾಠವೇ ತಲೆಕೆಳಗು. ಗೆಳತಿಯೊಬ್ಬಳು ಕಳುಹಿಸಿದ ನಗೆಹನಿಯ ಕೆಳಗೆ ಇವಳು ಸಾಲಾಗಿ ಇಟ್ಟದ್ದು ಗೋಳೋ ಎಂದು ಅಳುವ ಮುಖ! ಆ ನಗುವ ಮುಖವನ್ನು 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದವೆಂದೇ ಆರಿಸಿದ್ದರು. ಅದಾದ ಮೇಲೆ ಅದು ಎಲ್ಲರ ಕೈಗೂ ಬಂತು, ನನ್ನಂಥವರ ಕೈಗೂ. ಎಲ್ಲರೂ ಎಲ್ಲದಕ್ಕೂ ನಕ್ಕರೆ ನಗು ಸವೆಯುತ್ತದೆ. ಹುಡುಗರಿಗೆ ಇನ್ನೂ ಖಾರವಾದದ್ದು ಬೇಕಾಯಿತು. ನಕ್ಕು ನಕ್ಕು ಅಳುವ ಮುಖ, ಅದೂ ಸಾಲದೆ ತಲೆಬುರುಡೆ, ಅಂದರೆ ನಕ್ಕು ಸತ್ತೇಹೋದೆ ಎಂದು. ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆ ಎನ್ನುವುದಿಲ್ಲವೇ, ಅದರ ಮುಂದಿನ ಹೆಜ್ಜೆ.

ತುಟಿಯನ್ನಷ್ಟೇ ಬಾಗಿಸಿದ ಸಣ್ಣ ನಗುಮುಖ ಇನ್ನೂ ಮೋಸದ್ದು. ನಾನು ಅದನ್ನು ಸೌಜನ್ಯವೆಂದು ಬಳಸುತ್ತಿದ್ದೆ. ‘ನಾಳೆಯೊಳಗೆ ಕಳುಹಿಸು’ ಎಂದು ಬರೆದು ಕೊನೆಗೆ ಅದನ್ನಿಟ್ಟರೆ ಮಾತು ಮೆತ್ತಗಾಗುತ್ತದೆ ಎಂದುಕೊಂಡಿದ್ದೆ. ಕಚೇರಿಗೆ ಹೊಸದಾಗಿ ಸೇರಿದ ಹುಡುಗ ಒಂದು ದಿನ ಸಂಕೋಚದಿಂದಲೇ, “ಮೇಡಂ, ಅದು ಹಲ್ಲು ಕಚ್ಚಿಕೊಂಡು ನಕ್ಕ ಹಾಗೆ ಕಾಣುತ್ತದೆ” ಎಂದ. ಕಣ್ಣು ನಗದೆ ತುಟಿ ಮಾತ್ರ ನಕ್ಕರೆ ಎದುರಿಗಿದ್ದವರು ಹೆದರಬೇಕಾದ್ದೇ, ನಿಜ ಮನುಷ್ಯರ ಮುಖದಲ್ಲಾದರೂ ಅಷ್ಟೆ. ಈಗ ನಾನು ಮುಖ ಬಿಟ್ಟು ‘ಸಾಧ್ಯವಾದರೆ’ ಎಂಬ ಮಾತು ಸೇರಿಸುತ್ತೇನೆ. ಅದನ್ನು ಎಲ್ಲ ವಯಸ್ಸಿನವರೂ ಒಂದೇ ರೀತಿ ಓದುತ್ತಾರೆ.

ಅನುಮಾನ ಬಂದಾಗ ನಾನು ಆ ಕೆನಡಾದ ನ್ಯಾಯಾಧೀಶರ ದಾರಿ ಹಿಡಿಯುತ್ತೇನೆ. ಸಂದೇಶಗಳನ್ನು ಮೇಲಕ್ಕೆ ಸರಿಸಿ, ಅದೇ ವ್ಯಕ್ತಿಯ ಹಳೆಯ ಉತ್ತರಗಳನ್ನು ನೋಡುತ್ತೇನೆ. ಹಾಲಿನ ಲೆಕ್ಕಕ್ಕೂ ಮದುವೆಯ ಕರೆಗೂ ಒಂದೇ ಹೆಬ್ಬೆರಳು ಕೊಟ್ಟವರಾದರೆ ಅದು ಮುದ್ರೆ, ನೊಂದುಕೊಳ್ಳಬೇಕಾಗಿಲ್ಲ. ದಿನವೂ ಮೂರು ಹೂವು, ಎರಡು ಹೃದಯ ಕಳುಹಿಸುವವರು ಇದ್ದಕ್ಕಿದ್ದಂತೆ ಬರೀ ಹೆಬ್ಬೆರಳಿಗೆ ಇಳಿದರೆ ಫೋನ್ ಮಾಡುವುದು ಒಳ್ಳೆಯದು.

ಅಜ್ಜ ಮೊಮ್ಮಗಳು ರಾಜಿಯಾಗಿದ್ದಾರೆ. ಅಪ್ಪ ಈಗ ‘ತಲುಪಿತು ಮಗೂ’ ಎಂದು ಬರೆದೇ ಹೆಬ್ಬೆರಳು ಒತ್ತುತ್ತಾರೆ. ಹೋದ ವಾರ ತಾವೇ ಕಟ್ಟಿದ ಒಂದು ನಗೆಹನಿಯನ್ನೂ ಕಳುಹಿಸಿದರು. ಮಗಳಿಗೆ ನಗು ತಡೆಯಲಾಗದೆ ಉತ್ತರವಾಗಿ ಒಂದು ತಲೆಬುರುಡೆ ಇಟ್ಟಳು. ರಾತ್ರಿ ಹತ್ತೂವರೆಗೆ ನನ್ನ ಫೋನು ಹೊಡೆದುಕೊಂಡಿತು. ಆ ಕಡೆಯಿಂದ ಅಪ್ಪ, ಗಾಬರಿಯ ದನಿಯಲ್ಲಿ: “ಯಾರು ಹೋದರು?”