ಪಿನ್ ತಪ್ಪಿ ಸಿಮ್ ಲಾಕ್ ಆದಾಗ

ಕೇಳುಗರಿಗೆ ನಮಸ್ಕಾರ.

ಫೋನನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಕೆಲವರ ಫೋನು ಎರಡು ಸಲ ಅಂಕಿ ಕೇಳುತ್ತದೆ. ಒಂದು ಸಿಮ್ ಕಾರ್ಡಿನ ಪಿನ್. ಇನ್ನೊಂದು ಫೋನಿನ ಸ್ಕ್ರೀನ್ ಲಾಕ್. ಎಡವಟ್ಟಾಗುವುದು ಇಲ್ಲೇ. ದಿನವೂ ಸ್ಕ್ರೀನ್ ತೆರೆಯಲು ಒತ್ತುವ ಅಂಕಿಯನ್ನೇ ಸಿಮ್ ಪಿನ್ ಕೇಳುವಲ್ಲಿಯೂ ಒತ್ತಿಬಿಡುತ್ತೇವೆ. ಮೂರು ಸಲ ತಪ್ಪಿದರೆ ಕಾರ್ಡು ಲಾಕ್ ಆಗಿ, ಫೋನು ಪಿ.ಯು.ಕೆ. ಕೇಳುತ್ತದೆ.

ಎಷ್ಟು ಸಲ ತಪ್ಪಾಯಿತು ಎಂಬ ಲೆಕ್ಕವನ್ನು ಇಡುವುದು ಫೋನಲ್ಲ, ಸಿಮ್ ಕಾರ್ಡಿನೊಳಗಿನ ಚಿಪ್. ಆದ್ದರಿಂದ ಫೋನು ಆಫ್ ಮಾಡಿದರೂ, ಕಾರ್ಡನ್ನು ಬೇರೆ ಫೋನಿಗೆ ಹಾಕಿದರೂ, ಎರಡು ದಿನ ಬಿಟ್ಟು ನೋಡಿದರೂ ಆ ಲೆಕ್ಕ ಅಳಿಯುವುದಿಲ್ಲ. ಫೋನನ್ನು ರೀಸೆಟ್ ಮಾಡಿಸಲಂತೂ ಹೋಗಬೇಡಿ. ಫೋಟೋಗಳು ಹೋಗುತ್ತವೆ, ಸಿಮ್ ಲಾಕ್ ಹಾಗೇ ಉಳಿಯುತ್ತದೆ.

ಪಿ.ಯು.ಕೆ. ಎಂದರೆ ಆ ಕಾರ್ಡಿಗೆಂದೇ ಇರುವ ಎಂಟು ಅಂಕಿಗಳ ಬೀಗದ ಕೈ. ಪಿನ್‌ನಂತೆ ಅದನ್ನು ನಾವು ಬದಲಾಯಿಸಲು ಬರುವುದಿಲ್ಲ. ಇದಕ್ಕೆ ಹತ್ತು ಅವಕಾಶ. ಹತ್ತೂ ತಪ್ಪಿದರೆ ಕಾರ್ಡು ಶಾಶ್ವತವಾಗಿ ನಿಂತುಹೋಗುತ್ತದೆ, ಕಂಪನಿಯವರೂ ಅದನ್ನು ತೆರೆಯಲಾರರು. ಹತ್ತು ಅವಕಾಶ ಇದೆಯಲ್ಲ ಎಂದು ಊಹಿಸಿ ಒತ್ತಬೇಡಿ. ಎಂಟು ಅಂಕಿಗಳಿಂದ ಹತ್ತು ಕೋಟಿ ಸಂಖ್ಯೆಗಳಾಗುತ್ತವೆ, ಊಹೆಗೆ ಸಿಗುವ ಮಾತಲ್ಲ.

ಹಾಗಾದರೆ ಅದು ಎಲ್ಲಿ ಸಿಗುತ್ತದೆ? ಸಿಮ್ ಕೊಂಡಾಗ ಕಾರ್ಡನ್ನು ಮುರಿದು ತೆಗೆದ ಪ್ಲಾಸ್ಟಿಕ್ ತುಂಡಿನ ಮೇಲೆ ಅಥವಾ ಅದರ ಲಕೋಟೆಯಲ್ಲಿ ಮುದ್ರಿಸಿರಬಹುದು. ಆದರೆ ಅದು ಈಗ ಫೋನಿನಲ್ಲಿರುವ ಕಾರ್ಡಿನದೇ ಎಂದು ಖಾತ್ರಿ ಮಾಡಿಕೊಳ್ಳಿ. ನಡುವೆ ಎಂದಾದರೂ ಸಿಮ್ ಬದಲಿಸಿದ್ದರೆ, ಅಥವಾ ಅದೇ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದ್ದರೆ, ಹಳೆಯ ಲಕೋಟೆಯ ಪಿ.ಯು.ಕೆ. ಹೊಸ ಕಾರ್ಡಿಗೆ ಆಗದು. ಕಾರ್ಡಿನ ಮೇಲೆ ಸಣ್ಣಕ್ಷರದಲ್ಲಿ ಉದ್ದನೆಯ ಸಂಖ್ಯೆ ಇರುತ್ತದೆ. ಅದರ ಕೊನೆಯ ಅಂಕಿಗಳು ಲಕೋಟೆಯ ಸಂಖ್ಯೆಯೊಂದಿಗೆ ಹೊಂದುತ್ತವೆಯೇ ನೋಡಿ. ಎರಡು ಸಿಮ್ ಇರುವ ಫೋನಾದರೆ ಲಾಕ್ ಆಗಿರುವುದು ಯಾವುದು ಎಂಬುದನ್ನೂ ಗಮನಿಸಿ.

ಲಕೋಟೆ ಸಿಗದಿದ್ದರೆ ನಿಮ್ಮ ಕಂಪನಿಯ ಗ್ರಾಹಕ ಸೇವೆಗೆ, ಅದೇ ಕಂಪನಿಯ ಬೇರೊಂದು ನಂಬರಿನಿಂದ ಕರೆ ಮಾಡಿ. ಹೆಸರು, ವಿಳಾಸ, ಹುಟ್ಟಿದ ದಿನಾಂಕದಂತಹ ವಿವರ ಕೇಳಿ, ಎಲ್ಲವೂ ಸರಿಯಿದ್ದರೆ ಪಿ.ಯು.ಕೆ. ಹೇಳುತ್ತಾರೆ. ಸಿಮ್ ತಂದೆಯ ಹೆಸರಿನಲ್ಲಿದ್ದರೆ ತಂದೆಯ ವಿವರವನ್ನೇ ಕೊಡಬೇಕು. ಕರೆ ನೀವೇ ಮಾಡಿ. ತಾವಾಗಿ ಕರೆ ಮಾಡಿ "ಸಿಮ್ ತೆರೆದುಕೊಡುತ್ತೇವೆ, ಓ.ಟಿ.ಪಿ. ಹೇಳಿ" ಎನ್ನುವವರು ಮೋಸಗಾರರು.

ಈಗ ಒಂದು ಉದಾಹರಣೆ. ಸಿಕ್ಕಿದ ಪಿ.ಯು.ಕೆ. 48213907, ನೀವಿಡಬೇಕೆಂದಿರುವ ಹೊಸ ಪಿನ್ 2759 ಎಂದುಕೊಳ್ಳೋಣ. ಹೆಚ್ಚಿನ ಫೋನುಗಳಲ್ಲಿ ಸ್ಕ್ರೀನೇ ಮೊದಲು ಪಿ.ಯು.ಕೆ., ಆಮೇಲೆ ಹೊಸ ಪಿನ್ ಅನ್ನು ಎರಡು ಸಲ ಕೇಳುತ್ತದೆ. ಹಾಗೆ ಕೇಳದಿದ್ದರೆ, ಕರೆ ಮಾಡುವ ಕೀಲಿಗಳಲ್ಲಿ ಹೀಗೆ ಒತ್ತಿ. ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳಿ. ಸ್ಟಾರ್, ಸ್ಟಾರ್, ಸೊನ್ನೆ, ಐದು, ಸ್ಟಾರ್, ಪಿ.ಯು.ಕೆ., ಸ್ಟಾರ್, ಹೊಸ ಪಿನ್, ಸ್ಟಾರ್, ಮತ್ತೆ ಅದೇ ಪಿನ್, ಕೊನೆಗೆ ಹ್ಯಾಶ್.

```
**05*48213907*2759*2759#
```

ಸರಿಹೋದರೆ ತಪ್ಪುಗಳ ಲೆಕ್ಕ ಅಳಿದು ಸಿಗ್ನಲ್ ಬರುತ್ತದೆ. ತಪ್ಪು ಎಂದು ತೋರಿಸಿದರೆ ಅಂಕಿಗಳನ್ನು ಮತ್ತೊಮ್ಮೆ ಓದಿ ನೋಡಿ. ಎರಡನೆಯ ಸಲವೂ ಆಗದಿದ್ದರೆ ನಿಲ್ಲಿಸಿಬಿಡಿ. ಆ ಪಿ.ಯು.ಕೆ. ಬೇರೆ ಕಾರ್ಡಿನದಿರಬಹುದು.

ಕಾರ್ಡು ಪೂರ್ತಿ ನಿಂತುಹೋದರೂ ನಂಬರ್ ಹೋಯಿತೆಂದು ಗಾಬರಿಯಾಗಬೇಡಿ. ನಂಬರ್ ಇರುವುದು ಕಂಪನಿಯ ದಾಖಲೆಯಲ್ಲಿ, ಸಿಮ್ ಪಡೆದವರ ಹೆಸರಿಗೆ ಜೋಡಿಸಿದಂತೆ. ಯಾರ ಹೆಸರಿನಲ್ಲಿ ಸಿಮ್ ಇದೆಯೋ ಅವರೇ ಗುರುತಿನ ಚೀಟಿಯೊಂದಿಗೆ ಕಂಪನಿಯ ಮಳಿಗೆಗೆ ಹೋಗಿ "ಅದೇ ನಂಬರಿಗೆ ಬದಲಿ ಸಿಮ್ ಬೇಕು" ಎನ್ನಬೇಕು. ಹೊಸ ಸಂಪರ್ಕ ಎಂದು ಹೇಳಬೇಡಿ, ಬೇರೆ ನಂಬರ್ ಕೊಟ್ಟಾರು. ಬದಲಿ ಸಿಮ್‌ನಲ್ಲಿ ನಂಬರ್, ಬ್ಯಾಲೆನ್ಸ್, ರೀಚಾರ್ಜ್ ಎಲ್ಲ ಹಾಗೇ ಮುಂದುವರಿಯುತ್ತವೆ. ಹಳೆಯ ಕಾರ್ಡಿನಲ್ಲೇ ಉಳಿಸಿದ್ದ ಹೆಸರು-ನಂಬರುಗಳು ಮಾತ್ರ ಸಿಗುವುದಿಲ್ಲ.

ನಮ್ಮ ದೇಶದಲ್ಲಿ ಬದಲಿ ಸಿಮ್ ಚಾಲೂ ಆದ ಮೇಲೆ 24 ಗಂಟೆ ಎಸ್.ಎಂ.ಎಸ್. ತಡೆಹಿಡಿದಿರುತ್ತಾರೆ. ಬೇರೆಯವರು ನಿಮ್ಮ ನಂಬರ್ ಕದ್ದು ಬ್ಯಾಂಕಿನ ಹಣ ತೆಗೆಯದಿರಲಿ ಎಂದು ಮಾಡಿದ ಏರ್ಪಾಡು ಇದು. ಆ ಒಂದು ದಿನ ಬ್ಯಾಂಕಿನ ಓ.ಟಿ.ಪಿ. ಬಾರದು, ತುರ್ತಾಗಿ ಹಣ ಕಟ್ಟುವುದಿದ್ದರೆ ಬೇರೆ ದಾರಿ ನೋಡಿಕೊಂಡಿರಿ. ಏಳು ದಿನ ಪೋರ್ಟ್ ಮಾಡಿಸಲೂ ಆಗುವುದಿಲ್ಲ.

ಲಾಕ್ ಆದ ಪ್ರೀಪೇಯ್ಡ್ ಸಿಮ್ಮನ್ನು ಆಮೇಲೆ ನೋಡೋಣವೆಂದು ತಿಂಗಳುಗಟ್ಟಲೆ ಎತ್ತಿಡಬೇಡಿ. ನಂಬರ್ ನಿಜವಾಗಿ ಕೈತಪ್ಪುವುದು ಹೀಗೆ. 90 ದಿನ ಬಳಕೆಯೇ ಇಲ್ಲದೆ, ಖಾತೆಯಲ್ಲಿ 20 ರೂಪಾಯಿಯೂ ಇಲ್ಲದಿದ್ದರೆ, ಕಂಪನಿ ಸಂಪರ್ಕ ಕಡಿದು ಆ ನಂಬರನ್ನು ಮುಂದೆ ಬೇರೆಯವರಿಗೆ ಕೊಡಬಹುದು.