ಕೇಳದೆ ಬಂದ ವಿಮೆ, ಕಟ್ಟಲೇಬೇಕಾದ ಬಡ್ಡಿ

ಕೇಳುಗರಿಗೆ ನಮಸ್ಕಾರ. ಪರ್ಸನಲ್ ಲೋನ್ ತೆಗೆದುಕೊಂಡಿದ್ದರೆ ಆ ಒಪ್ಪಂದದ ಪತ್ರ ಒಮ್ಮೆ ಹುಡುಕಿ ತೆಗೆಯಿರಿ. ನೀವು ಕೇಳಿದ್ದು ಒಂದು ಲಕ್ಷ, ಖಾತೆಗೆ ಬಂದದ್ದೂ ಒಂದು ಲಕ್ಷ. ಆದರೆ ಪತ್ರದಲ್ಲಿ ಸಾಲದ ಮೊತ್ತ 1,15,000 ಅಂತ ಇದ್ದರೆ, ಆ ಹೆಚ್ಚಿನ 15,000 ಏನು ಅಂತ ಕೇಳಲೇಬೇಕು. ಅದು ವಿಮೆಯ ಪ್ರೀಮಿಯಂ ಆಗಿರುವ ಸಾಧ್ಯತೆ ಜಾಸ್ತಿ. ಸಾಲಗಾರ ತೀರಿಕೊಂಡರೆ, ಕಾಯಿಲೆ ಬಿದ್ದರೆ, ಕೆಲಸ ಹೋದರೆ ಸಾಲ ತೀರಿಸುವ ವಿಮೆ ಅದು. ಐದು ವರ್ಷದ ಪ್ರೀಮಿಯಂ ಒಟ್ಟಿಗೇ ತೆಗೆದುಕೊಂಡು, ಅದನ್ನೂ ನಿಮಗೆ ಸಾಲವಾಗಿ ಕೊಟ್ಟಿರುತ್ತಾರೆ.

ಇದು ಗಮನಕ್ಕೆ ಬರದೇ ಹೋಗುವುದು ಹೇಗೆ? ಸಾಲ ಬೇಕಾದವರು ಮೊದಲು ಕೇಳುವುದು ತಿಂಗಳಿಗೆ ಎಷ್ಟು ಕಟ್ಟಬೇಕು ಅಂತ. ಸಾಲ ಕೊಡುವವರೂ ಅಷ್ಟನ್ನೇ ಹೇಳುತ್ತಾರೆ, ವಿಮೆಯೂ ಸೇರಿದ ಕಂತನ್ನು. ಬಡ್ಡಿ ದರ ಕೇಳಿದರೆ ಶೇಕಡಾ 12 ಅನ್ನುತ್ತಾರೆ, ಅದೂ ಸುಳ್ಳಲ್ಲ. ಆಮೇಲೆ ಒಂದರ ಹಿಂದೆ ಒಂದು ಸಹಿ, ಇಲ್ಲವೇ ಫೋನಿನಲ್ಲಿ ಮೊದಲೇ ಟಿಕ್ ಆಗಿರುವ ಚೌಕ ಮತ್ತು ಒಂದು ಓಟಿಪಿ. ವಿಮೆ ಮಾರಿದ್ದಕ್ಕೆ ಸಾಲ ಕೊಟ್ಟವರಿಗೂ ಕಮಿಷನ್ ಸಿಗುತ್ತದೆ ಅನ್ನುವುದು ನೆನಪಿರಲಿ.

ಈಗ ಲೆಕ್ಕ ನೋಡೋಣ. ಒಂದು ಲಕ್ಷಕ್ಕೆ ಶೇಕಡಾ 12ರಂತೆ ಐದು ವರ್ಷಕ್ಕೆ ಕಂತು ಸುಮಾರು 2,224. ಅದೇ 1,15,000ಕ್ಕೆ ಸುಮಾರು 2,558. ತಿಂಗಳಿಗೆ 334 ಜಾಸ್ತಿ, ಅಷ್ಟೇ ತಾನೇ ಅನ್ನಿಸುತ್ತದೆ ಅಲ್ವಾ? ಆದರೆ 60 ಕಂತು ಕಟ್ಟಿ ಮುಗಿಸುವಾಗ ಆ ವಿಮೆಗೆ ನೀವು ಕೊಟ್ಟದ್ದು ಸುಮಾರು 20,000. ಅದರಲ್ಲಿ 5,000 ಬರೀ ಬಡ್ಡಿ. ಇನ್ನೊಂದು ರೀತಿ ನೋಡಿ: ನಿಮ್ಮ ಕೈಗೆ ನಿಜವಾಗಿ ಬಂದದ್ದು ಒಂದು ಲಕ್ಷ, ಕಟ್ಟುತ್ತಿರುವುದು 2,558. ಹಾಗೆ ಲೆಕ್ಕ ಹಾಕಿದರೆ ಆ ಸಾಲದ ದರ ಶೇಕಡಾ 12 ಅಲ್ಲ, ಶೇಕಡಾ 18ಕ್ಕೂ ಸ್ವಲ್ಪ ಮೇಲೆ. ಬೇರೆ ಕಡೆ ಶೇಕಡಾ 15ಕ್ಕೆ, ವಿಮೆಯಿಲ್ಲದೆ ಸಿಗುತ್ತಿದ್ದ ಸಾಲವನ್ನು ದುಬಾರಿ ಅಂತ ಬಿಟ್ಟು ಬಂದಿದ್ದರೆ, ವಿಮೆ ಬೇಡವಾದವರ ಮಟ್ಟಿಗೆ ಅದೇ ಅಗ್ಗವಾಗಿತ್ತು.

ಸಾಲವನ್ನು ಬೇಗ ತೀರಿಸುವವರಿಗೆ ಇನ್ನೊಂದು ಪೆಟ್ಟಿದೆ. ಎರಡು ವರ್ಷಕ್ಕೆ ಸಾಲ ಮುಗಿಸುತ್ತೀರಿ ಅಂದುಕೊಳ್ಳಿ. ಆ 15,000ದಲ್ಲಿ ಇನ್ನೂ ಸುಮಾರು 10,050 ಅಸಲು ಬಾಕಿ ಇರುತ್ತದೆ, ಯಾಕೆಂದರೆ ಮೊದಲ ಕಂತುಗಳಲ್ಲಿ ಬಡ್ಡಿಯ ಪಾಲು ಕೊನೆಯ ಕಂತುಗಳಿಗಿಂತ ಹೆಚ್ಚು. ಉಳಿದ ಮೂರು ವರ್ಷದ ಪ್ರೀಮಿಯಂ ಸರಿಯಾಗಿ ಪಾಲು ಹಾಕಿ ವಾಪಸ್ ಕೊಟ್ಟರೂ 9,000 ಬರುತ್ತದೆ. ಪಾಲಿಸಿಯ ಸೂತ್ರ ಬೇರೆಯಿದ್ದರೆ ಅದಕ್ಕಿಂತ ಕಡಿಮೆ, ಕೆಲವದರಲ್ಲಿ ಏನೂ ಇಲ್ಲ.

ವಿಮೆಯೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ದುಡಿಯುವವರು ಒಬ್ಬರೇ ಇದ್ದರೆ ರಕ್ಷಣೆ ಬೇಕು. ಆದರೆ ಈ ಪಾಲಿಸಿ ನಿಮಗೆ ಉಪಯೋಗಕ್ಕೆ ಬರುತ್ತದಾ ಅಂತ ಯಾರಾದರೂ ಕೇಳಿದ್ದರಾ? ಕೆಲಸ ಹೋದರೆ ಹಣ ಕೊಡುವ ವಿಮೆ ಸ್ವಂತ ಉದ್ಯೋಗ ಮಾಡುವವರಿಗೆ ಎಷ್ಟೋ ಸಲ ಅನ್ವಯಿಸುವುದೇ ಇಲ್ಲ. ಮೊದಲಿನಿಂದ ಇದ್ದ ಕಾಯಿಲೆಗೂ ಎಷ್ಟೋ ಪಾಲಿಸಿಗಳಲ್ಲಿ ಹಣ ಬರುವುದಿಲ್ಲ. ಬ್ರಿಟನ್ನಿನಲ್ಲಿ ಇಂಥ ವಿಮೆಗಳನ್ನು ಇದೇ ರೀತಿ ಮಾರಿದ್ದರು. ಪರ್ಸನಲ್ ಲೋನಿನ ಜೊತೆ ಪ್ರೀಮಿಯಂ ಒಟ್ಟಿಗೇ ಸೇರಿಸಿ ಮಾರುವುದನ್ನು ಅಲ್ಲಿ 2009ರಲ್ಲಿ ನಿಲ್ಲಿಸಲಾಯಿತು. ಅಲ್ಲಿನ ಸಾಲದ ವಿಮೆಗಳಿಗೆಲ್ಲ ಸೇರಿ ಗ್ರಾಹಕರಿಗೆ 3,800 ಕೋಟಿ ಪೌಂಡಿಗೂ ಹೆಚ್ಚು ಹಣ ವಾಪಸ್ ಹೋಯಿತು.

ಸಹಿ ಮಾಡುವ ಮೊದಲಾದರೆ, ವಿಮೆಯಿಲ್ಲದೆ ಕಂತು ಎಷ್ಟು ಅಂತ ಕೇಳಿ, ಬರವಣಿಗೆಯಲ್ಲೇ ತೆಗೆದುಕೊಳ್ಳಿ. ವಿಮೆ ಇಲ್ಲದಿದ್ದರೆ ಸಾಲ ಪಾಸಾಗುವುದಿಲ್ಲ ಅಂದರೆ ಅದನ್ನೂ ಬರೆದು ಕೊಡಲು ಹೇಳಿ, ಎಷ್ಟೋ ಸಲ ಅಲ್ಲಿಗೇ ಮಾತು ಬದಲಾಗುತ್ತದೆ.

ಈಗಾಗಲೇ ಸಹಿ ಆಗಿದ್ದರೆ ಪಾಲಿಸಿ ಪತ್ರದಲ್ಲಿ ರದ್ದು ಮಾಡಲು ಎಷ್ಟು ದಿನದ ಅವಕಾಶ ಇದೆ ಅಂತ ನೋಡಿ, ಅಷ್ಟರೊಳಗೆ ವಿಮಾ ಕಂಪನಿಗೂ ಸಾಲ ಕೊಟ್ಟವರಿಗೂ ಬರೆದು ತಿಳಿಸಿ. ಇಲ್ಲಿ ಒಂದು ಎಚ್ಚರ ಬೇಕು. ಪ್ರೀಮಿಯಂ ವಾಪಸ್ ಬಂದ ಮಾತ್ರಕ್ಕೆ ಕಂತು ತಾನಾಗಿ ಇಳಿಯುವುದಿಲ್ಲ. ಆ ಹಣವನ್ನು ಸಾಲದ ಅಸಲಿಗೇ ಜಮಾ ಮಾಡಿ, ಹೊಸ ಕಂತಿನ ಪಟ್ಟಿ ಕೊಡಿ ಅಂತ ಅದೇ ಪತ್ರದಲ್ಲಿ ಕೇಳಿ. ಹೊಸ ಪಟ್ಟಿ ಬಂದಾಗ ಕಂತು 2,558ರಿಂದ ಇಳಿದಿದೆಯಾ ಅಂತ ನೀವೇ ನೋಡಿಕೊಳ್ಳಿ. ಇಳಿದಿಲ್ಲವಾದರೆ ಅವಧಿಯಾದರೂ ಕಡಿಮೆ ಆಗಿರಬೇಕು, ಎರಡೂ ಆಗಿಲ್ಲ ಅಂದರೆ ದೂರು ಕೊಡಿ.