ಒಂದೇ ಮೆಷಿನ್, ಮೂರು ಸೆಲ್ಲರ್: 100% ರೇಟಿಂಗ್ ಇದ್ದವನ ಹತ್ತಿರ ಯಾಕೆ ತಗೊಳ್ಳಲಿಲ್ಲ?

[ಸ್ಕ್ರೀನ್: ಕಿಟಕಿಯ ಹೊರಗೆ ಜೋರು ಮಳೆ. ಗೋಡೆಯ ಮೂಲೆಯಲ್ಲಿ ಬೂಷ್ಟು.]

ನಮಸ್ಕಾರ. ಉಡುಪಿ, ಮಂಗಳೂರು ಕಡೆಯವರಿಗೆ ಈ ಗೋಡೆ ಗುರುತು ಹೇಳಬೇಕಾಗಿಲ್ಲ. ಜೂನ್ ಬಂತು ಅಂದ್ರೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು. ಮಣಿಪಾಲದ ವೀಕ್ಷಕರೊಬ್ಬರು ಇದಕ್ಕೇ ಅಂತ ಡಿಹ್ಯೂಮಿಡಿಫೈಯರ್ ಹುಡುಕುತ್ತಿದ್ದರು. ಗಾಳಿಯ ತೇವ ಹೀರಿ ನೀರು ಮಾಡಿ ಟ್ಯಾಂಕಿಗೆ ಬಿಡುವ ಮೆಷಿನ್. ಅಮೆಜಾನ್‌ನಲ್ಲಿ ಒಂದು ಮಾಡೆಲ್ ಇಷ್ಟ ಆಯ್ತು. ಆದರೆ ಅದೇ ಮಾಡೆಲ್ ಮಾರುವ ಸೆಲ್ಲರ್‌ಗಳು ಮೂವರು. ಯಾರ ಹತ್ತಿರ ತಗೊಳ್ಳಲಿ ಅಂತ ಸ್ಕ್ರೀನ್‌ಶಾಟ್ ಕಳಿಸಿದರು. ಸೆಲ್ಲರ್‌ಗಳ ಹೆಸರು ತೆಗೆದು, ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ನಿಮಗೆ ತೋರಿಸುತ್ತೇನೆ.

[ಸ್ಕ್ರೀನ್: ಮೂರು ಸಾಲು.
ಸೆಲ್ಲರ್ 1: ₹11,400, 100%, 14 ರೇಟಿಂಗ್
ಸೆಲ್ಲರ್ 2: ₹13,200, 91%, 6,200 ರೇಟಿಂಗ್
ಸೆಲ್ಲರ್ 3: ₹12,100, 96%, 3,100 ರೇಟಿಂಗ್]

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಮೆಷಿನ್ ಹೆಸರಿನ ಕೆಳಗೆ ಹಳದಿ ನಕ್ಷತ್ರ ಕಾಣುತ್ತದಲ್ಲ, ಅದು ಸೆಲ್ಲರ್‌ನದ್ದಲ್ಲ. ಅದು ಮೆಷಿನ್‌ನದ್ದು. ಮೂವರು ಮಾರಿದರೂ ನಕ್ಷತ್ರ ಒಂದೇ. ಅದರಲ್ಲೂ ಒಂದು ತೊಡಕಿದೆ. ಒಂದೇ ಪುಟದಲ್ಲಿ ಸಣ್ಣ ಮಾಡೆಲ್, ದೊಡ್ಡ ಮಾಡೆಲ್ ಎರಡನ್ನೂ ಸೇರಿಸಿದ್ದರೆ ಎರಡರ ರಿವ್ಯೂಗಳೂ ಒಟ್ಟಿಗೆ ಬಂದಿರಬಹುದು. ಡಿಹ್ಯೂಮಿಡಿಫೈಯರ್‌ನಲ್ಲಿ ಇದು ದೊಡ್ಡ ವ್ಯತ್ಯಾಸ. ಕಂಪ್ರೆಸರ್ ಇರುವ ಮೆಷಿನ್ ದಿನಕ್ಕೆ ಲೀಟರ್‌ಗಟ್ಟಲೆ ನೀರು ತೆಗೆಯುತ್ತದೆ. ಕಂಪ್ರೆಸರ್ ಇಲ್ಲದ ಪುಟಾಣಿ ಮೆಷಿನ್ ತೆಗೆಯುವುದು ಲೋಟದ ಲೆಕ್ಕದಲ್ಲಿ. ಬೀರುವಿನೊಳಗೆ ಇಡಲು ಪುಟಾಣಿ ತಗೊಂಡವರ ಐದು ನಕ್ಷತ್ರ, ರೂಮಿಗೆ ದೊಡ್ಡದು ತಗೊಳ್ಳುವ ನಿಮಗೆ ಯಾಕೆ?

ಸೆಲ್ಲರ್ ಬಗ್ಗೆ ಗೊತ್ತಾಗಬೇಕಾದರೆ "Sold by" ಅಂತ ಇರುವಲ್ಲಿ ಅವರ ಹೆಸರು ಒತ್ತಿ. ಅವರ ಪುಟ ತೆರೆಯುತ್ತದೆ. ಅಲ್ಲಿ ರೇಟಿಂಗ್‌ಗಳನ್ನು ಕಾಲದ ಪ್ರಕಾರ ಬೇರೆ ಮಾಡಿ ತೋರಿಸುತ್ತಾರೆ: 30 ದಿನ, 90 ದಿನ, 12 ತಿಂಗಳು, ಮತ್ತು ಶುರುವಿನಿಂದ ಇಲ್ಲಿಯವರೆಗೆ. ಇವತ್ತಿನ ವಿಡಿಯೋ ಪೂರ್ತಿ ಈ ನಾಲ್ಕು ಅಂಕಿಗಳ ಮೇಲೇ ನಿಂತಿದೆ.

[ಸ್ಕ್ರೀನ್: ಸೆಲ್ಲರ್ 1. ಶುರುವಿನಿಂದ 14, 12 ತಿಂಗಳಲ್ಲಿ 14, 90 ದಿನಗಳಲ್ಲಿ 14.]

ಒಂದನೇ ಸೆಲ್ಲರ್. 100%. ಒಬ್ಬರೂ ಬೈದಿಲ್ಲ. ಆದರೆ ಅಂಕಿ ನೋಡಿ. ಶುರುವಿನಿಂದ 14, ಕಳೆದ 90 ದಿನಗಳಲ್ಲೂ 14. ಅಂದರೆ ಮೂರು ತಿಂಗಳ ಹಿಂದೆ ಇವರಿಗೆ ಒಂದು ರೇಟಿಂಗ್ ಕೂಡ ಇರಲಿಲ್ಲ. ಅಮೆಜಾನ್ ಇಂಥ ದಿನ ಅಂಗಡಿ ತೆರೆದರು ಅಂತ ಬರೆಯುವುದಿಲ್ಲ. ನಾವೇ ಹೀಗೆ ಊಹಿಸಬೇಕು. ದೊಡ್ಡ ಕಾಲದ ಅಂಕಿಯೂ ಸಣ್ಣ ಕಾಲದ ಅಂಕಿಯೂ ಒಂದೇ ಆಗಿದ್ದರೆ ಆ ಅಂಗಡಿ ಹೊಸದು. ಅಥವಾ ಈಗಷ್ಟೇ ವ್ಯಾಪಾರ ಹತ್ತಿದೆ.

ಹೊಸಬರು ಅಂದ ಮಾತ್ರಕ್ಕೆ ಕಳ್ಳರಲ್ಲ. ಆದರೆ 14 ಜನರ ಮಾತಿಗೆ ಎಷ್ಟು ಬೆಲೆ ಕೊಡಬಹುದು? ಲೆಕ್ಕ ಮಾಡಿ ನೋಡೋಣ. ಹತ್ತು ಗಿರಾಕಿಗಳಲ್ಲಿ ಒಬ್ಬರಿಗೆ ಹಾಳು ಮಾಲು ಕಳಿಸುವ ಸೆಲ್ಲರ್ ಇದ್ದಾರೆ ಅಂತ ಇಟ್ಟುಕೊಳ್ಳಿ. ಅಂಥವರಿಗೂ ಮೊದಲ 14 ರೇಟಿಂಗ್ ಪೂರ್ತಿ ಒಳ್ಳೆಯದೇ ಬರುವ ಸಾಧ್ಯತೆ ಸುಮಾರು 23%. ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದು. ಅದೂ 14 ಜನವೂ ನಿಜವಾದ ಗಿರಾಕಿಗಳು ಅಂತ ನಂಬಿದರೆ. ರೇಟಿಂಗ್ ಕೊಟ್ಟ ತಾರೀಕು ಕೂಡ ನೋಡಿ. ಎಲ್ಲ ಎರಡು ಮೂರು ದಿನಗಳ ಒಳಗೆ ಬಂದಿದ್ದರೆ, "ಸೂಪರ್", "ಗುಡ್" ಬಿಟ್ಟು ಬೇರೆ ಮಾತೇ ಇಲ್ಲದಿದ್ದರೆ ನಾನಂತೂ ಆ 100% ಅನ್ನು ಸೊನ್ನೆ ಅಂತಲೇ ಓದುತ್ತೇನೆ. ನೂರಿನ್ನೂರು ರೂಪಾಯಿಯ ಸಾಮಾನಿಗೆ ಆಗಬಹುದು. ಹನ್ನೊಂದು ಸಾವಿರಕ್ಕೆ ಆಗದು.

[ಸ್ಕ್ರೀನ್: ಸೆಲ್ಲರ್ 3. ಶುರುವಿನಿಂದ 3,100ರಲ್ಲಿ 96%. 12 ತಿಂಗಳಲ್ಲಿ 60ರಲ್ಲಿ 72%.]

ಈಗ ಮೂರನೆಯವರು. ಹೆಚ್ಚಿನವರು ಜಾರುವುದು ಇಲ್ಲೇ ಮಾರಾಯ್ರೇ. 96%, ಅದೂ ಮೂರು ಸಾವಿರ ರೇಟಿಂಗ್. ಬೆಲೆಯೂ ನಡುವಿನದ್ದು. ನೋಡಿದರೆ ಇವರೇ ಸರಿ ಅನಿಸುತ್ತದೆ.

12 ತಿಂಗಳ ಸಾಲಿಗೆ ಬನ್ನಿ. ಇಡೀ ವರ್ಷಕ್ಕೆ ಬರೀ 60 ರೇಟಿಂಗ್. ಅದರಲ್ಲಿ 43 ಜನಕ್ಕೆ ಖುಷಿ, 17 ಜನಕ್ಕೆ ಇಲ್ಲ. 72% ಆಯ್ತು. ಹಾಗಾದರೆ 96% ಎಲ್ಲಿಂದ ಬಂತು? ಹಳೆಯ ಮೂರು ಸಾವಿರದಿಂದ. ಅಷ್ಟು ದೊಡ್ಡ ರಾಶಿಯ ಮುಂದೆ ಹೊಸ 60 ಕಾಣಿಸುವುದೇ ಇಲ್ಲ. ಸೆಲ್ಲರ್ ಈ ವರ್ಷ ಕೆಟ್ಟರೂ ಹಳೇ ಹೆಸರು ಇನ್ನೂ ವರ್ಷಗಟ್ಟಲೆ ಹೊಳೆಯುತ್ತಲೇ ಇರುತ್ತದೆ.

ಹಳೆಯ ರೇಟಿಂಗ್‌ಗಳ ಜೊತೆಗಿರುವ ಮಾತುಗಳನ್ನೂ ಓದಿದೆವು. "ಕವರ್ ಚೆನ್ನಾಗಿದೆ", "ಫೋನಿಗೆ ಸರಿಯಾಗಿ ಕೂತಿದೆ". ಹೌದು, ಇವರು ಮೊದಲು ಮಾರುತ್ತಿದ್ದುದು ಮೊಬೈಲ್ ಕವರ್. ನಡುವೆ ತುಂಬಾ ಕಾಲ ಏನೂ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ ಮೆಷಿನ್‌ಗಳು. ವ್ಯಾಪಾರ ಬದಲಾಯಿಸುವುದು ತಪ್ಪಲ್ಲ. ಆದರೆ ನಿಂತು ಹೋದ ಹಳೇ ಖಾತೆ ಬೇರೆಯವರ ಕೈಗೆ ಹೋಗುವುದೂ ಉಂಟು. ಕೆಲವು ಸಲ ಪಾಸ್‌ವರ್ಡ್ ಕದ್ದು, ಕೆಲವು ಸಲ ದುಡ್ಡು ಕೊಟ್ಟು. ಹಳೇ ಒಳ್ಳೆ ಹೆಸರು ಸಿಗುತ್ತದಲ್ಲ, ಅದಕ್ಕೇ. ಹಾಗಾಗಿ ಖಾತೆಯ ವಯಸ್ಸು ಒಂದನ್ನೇ ನಂಬಿ ಕೂರಬೇಡಿ. ನಿಲ್ಲದೆ ನಡೆದುಕೊಂಡು ಬಂದ ವ್ಯಾಪಾರವೇ, ಅದೇ ಬಗೆಯ ಸಾಮಾನೇ, ಅದನ್ನು ನೋಡಿ.

ಇದನ್ನು ಗಟ್ಟಿ ಮಾಡಿಕೊಳ್ಳಲು ಇನ್ನೊಂದು ದಾರಿ ಇದೆ. ಜಿಎಸ್‌ಟಿ ನಂಬರ್.

[ಸ್ಕ್ರೀನ್: ಬ್ರೌಸರ್‌ನಲ್ಲಿ services.gst.gov.in, "Search Taxpayer".]

ಸೆಲ್ಲರ್‌ನ ಪುಟದಲ್ಲಿ ವಿಳಾಸದ ಜೊತೆ ಜಿಎಸ್‌ಟಿ ನಂಬರ್ ಇದ್ದರೆ ಕಾಪಿ ಮಾಡಿಕೊಳ್ಳಿ. 15 ಅಕ್ಷರ, ಅಂಕಿಗಳ ನಂಬರ್ ಅದು. ಮೊದಲ ಎರಡು ಅಂಕಿ ರಾಜ್ಯದ್ದು, ನಮ್ಮ ಕರ್ನಾಟಕದ್ದು 29. ಪುಟದಲ್ಲಿ ಸಿಗದಿದ್ದರೆ ಮಾಲು ಬಂದ ಮೇಲೆ ಬಿಲ್‌ನಲ್ಲಿ ನೋಡಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಲಾಗಿನ್ ಇಲ್ಲದೆಯೇ ವಿವರ ಬರುತ್ತದೆ. ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ಯಾವ ದಿನದಿಂದ ನೋಂದಣಿ, ಎಲ್ಲ. ಜಿಎಸ್‌ಟಿ ಬಂದದ್ದೇ 2017ರ ಜುಲೈ 1ಕ್ಕೆ. ಹಾಗಾಗಿ ಹಳೇ ವ್ಯಾಪಾರಿಗಳಲ್ಲಿ ತುಂಬಾ ಜನರದ್ದು ಅದೇ ತಾರೀಕು ಇರುತ್ತದೆ.

ನಮ್ಮ ಮೂರನೇ ಸೆಲ್ಲರ್‌ನ ನೋಂದಣಿ ಐದು ತಿಂಗಳ ಹಿಂದಿನದ್ದು. ರೇಟಿಂಗ್ ಮಾತ್ರ ವರ್ಷಗಳ ಹಿಂದಿನದ್ದು. ಇಷ್ಟರಿಂದಲೇ ಮೋಸ ಅಂತ ಹೇಳಲಾಗದು. ಒಬ್ಬರೇ ನಡೆಸುತ್ತಿದ್ದ ಅಂಗಡಿಯನ್ನು ಕಂಪನಿ ಮಾಡಿದರೆ ಹೊಸ ನಂಬರ್ ಬೇಕು. ಬೇರೆ ರಾಜ್ಯಕ್ಕೆ ಹೋದರೂ ಬೇಕು. ಆದರೆ ನಿಂತು ಹೋದ ಖಾತೆ, ಬದಲಾದ ಸಾಮಾನು, ಇಳಿದ ಶೇಕಡಾ, ಅದರ ಮೇಲೆ ಹೊಸ ನೋಂದಣಿ. ನಾಲ್ಕೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಮೂರನೆಯವರನ್ನು ಬಿಟ್ಟೆವು.

[ಸ್ಕ್ರೀನ್: ಸೆಲ್ಲರ್ 2. ಶುರುವಿನಿಂದ 6,200ರಲ್ಲಿ 91%. 12 ತಿಂಗಳಲ್ಲಿ 1,900ರಲ್ಲಿ 90%. 30 ದಿನಗಳಲ್ಲಿ 140ರಲ್ಲಿ 88%.]

ಉಳಿದದ್ದು ಎರಡನೆಯವರು. ಮೂವರಲ್ಲಿ ಶೇಕಡಾ ಕಡಿಮೆ, ಬೆಲೆ ಜಾಸ್ತಿ. 91, 90, 88, ಇಳಿಯುತ್ತಿದೆ ಅಲ್ವಾ? ಗಾಬರಿ ಬೇಡ. 140ರಲ್ಲಿ 2% ಅಂದರೆ ಮೂರೇ ಜನ. ಅಷ್ಟು ಏರಿಳಿತ ಯಾವ ತಿಂಗಳಲ್ಲಾದರೂ ಬರುತ್ತದೆ. ಇಲ್ಲಿ ಮಾಡಬೇಕಾದದ್ದು ಕೆಟ್ಟ ರೇಟಿಂಗ್‌ಗಳನ್ನು ಓದುವುದು. ಜನ ಯಾವುದಕ್ಕೆ ಬೈದಿದ್ದಾರೆ? "ಓಪನ್ ಮಾಡಿದ ಬಾಕ್ಸ್", "ಡೂಪ್ಲಿಕೇಟ್", "ವಾರಂಟಿ ಇಲ್ಲ ಅಂದರು" ಅಂತ ಮತ್ತೆ ಮತ್ತೆ ಬಂದರೆ 95% ಇದ್ದರೂ ಬಿಡಿ. ಇವರ ಪುಟದಲ್ಲಿ ಹೆಚ್ಚಿನದು ಬಿಲ್ ತಡ, ಫೋನ್ ಎತ್ತಲಿಲ್ಲ ಅನ್ನುವ ದೂರು.

ಕೆಲವು ದೂರುಗಳ ಮೇಲೆ ಗೆರೆ ಎಳೆದದ್ದು ಕಾಣುತ್ತದೆ. ಮಾಲನ್ನು ಅಮೆಜಾನ್‌ನ ಗೋದಾಮಿನಿಂದಲೇ ಕಳಿಸಿದ್ದರೆ, ಡೆಲಿವರಿಯ ಬಗ್ಗೆ ಬಂದ ದೂರನ್ನು ಅಮೆಜಾನ್ ತನ್ನ ಮೇಲೆ ಹಾಕಿಕೊಂಡು ಸೆಲ್ಲರ್‌ನ ಲೆಕ್ಕದಿಂದ ತೆಗೆಯುತ್ತದೆ. ಅದು ನ್ಯಾಯವೇ. ಆದರೆ ಇದರಿಂದ ಒಂದು ಪರಿಣಾಮ ಇದೆ. ಗೋದಾಮಿನಿಂದ ಕಳಿಸುವವರ ಶೇಕಡಾವನ್ನೂ ತಾವೇ ಕಳಿಸುವವರ ಶೇಕಡಾವನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ಅಷ್ಟು ಸರಿ ಬರುವುದಿಲ್ಲ. ಒಬ್ಬರ ಲೆಕ್ಕದಲ್ಲಿ ಡೆಲಿವರಿಯ ತಪ್ಪು ಇಲ್ಲ, ಇನ್ನೊಬ್ಬರದ್ದರಲ್ಲಿ ಇದೆ. ಗೆರೆ ಎಳೆದದ್ದನ್ನೂ ಓದಿ. ಮೆಷಿನ್ ಜಜ್ಜಿ ಬಂದರೆ ತಪ್ಪು ಯಾರದ್ದಾದರೂ ತೊಂದರೆ ನಮಗೇ.

ಕಳಿಸುವುದು ಯಾರು ಅನ್ನುವುದು "Ships from" ಸಾಲಿನಲ್ಲಿ ಇರುತ್ತದೆ. ಮೂರು ಬಗೆ. ಸೈಟಿನ ಗೋದಾಮಿನಲ್ಲೇ ಮಾಲು ಇದ್ದು ಅಲ್ಲೇ ಪ್ಯಾಕ್ ಆಗುವುದು ಒಂದು. ಸೆಲ್ಲರ್ ಪ್ಯಾಕ್ ಮಾಡಿ, ಸೈಟಿನ ಡೆಲಿವರಿಯವರು ಒಯ್ಯುವುದು ಇನ್ನೊಂದು. ಪ್ಯಾಕಿಂಗ್, ಕೊರಿಯರ್ ಎಲ್ಲ ಸೆಲ್ಲರೇ ಮಾಡುವುದು ಮೂರನೆಯದು. ಗೋದಾಮಿನಿಂದ ಬಂತು ಅಂದರೆ ಮಾಲು ಅಸಲಿ ಅಂತ ಅರ್ಥ ಅಲ್ಲ, ಅದನ್ನು ಅಲ್ಲಿಗೆ ಕಳಿಸಿದ್ದೂ ಇದೇ ಸೆಲ್ಲರ್. ಲಾಭ ಇರುವುದು ಹಿಂದಿರುಗಿಸುವಾಗ. ಈ ಮೆಷಿನ್ ಸುಮಾರು ಭಾರ ಇದೆ. ಸೆಲ್ಲರ್ ಸ್ವಂತ ಕೊರಿಯರ್‌ನಲ್ಲಿ ಕಳಿಸಿದ್ದರೆ ಕೆಲವು ಪಿನ್‌ಕೋಡ್‌ಗಳಲ್ಲಿ ವಾಪಸ್ ಕಳಿಸುವ ಕೆಲಸ ನಿಮ್ಮ ತಲೆಗೇ ಬರುತ್ತದೆ.

[ಸ್ಕ್ರೀನ್: ಪಿನ್‌ಕೋಡ್ ಪೆಟ್ಟಿಗೆಯಲ್ಲಿ 576104.]

ಅದಕ್ಕೇ ನಿಮ್ಮ ಪಿನ್‌ಕೋಡ್ ಹಾಕಿಯೇ ನೋಡಿ. ಮಣಿಪಾಲದ್ದು ಹಾಕಿದಾಗ ಎರಡನೆಯವರದ್ದು ಗೋದಾಮಿನಿಂದ, ಮೂರು ದಿನ. ಒಂದನೆಯವರದ್ದು ಸ್ವಂತ ಕೊರಿಯರ್, 9ರಿಂದ 14 ದಿನ. ಹಿಂದಿರುಗಿಸುವ ಸಾಲನ್ನೂ ಒತ್ತಿ ಓದಿ. ಇಲ್ಲಿ ಇದ್ದದ್ದು 7 ದಿನಗಳ "Replacement". ಅಂದರೆ ಹಾಳಾಗಿದ್ದರೆ ಬದಲಿ ಕೊಡುತ್ತಾರೆ. ಸುಮ್ನೆ ಇಷ್ಟ ಆಗಲಿಲ್ಲ ಅಂದರೆ ದುಡ್ಡು ವಾಪಸ್ ಇಲ್ಲ. ಬದಲಿಯನ್ನೂ ಕೊಡುವುದು ಅದೇ ಸೆಲ್ಲರ್. ಅಂದ ಮೇಲೆ ಅವರನ್ನು ಮೊದಲೇ ತೂಗಿ ನೋಡುವುದು ಒಳ್ಳೆಯದಲ್ವಾ?

ಎರಡನೆಯವರ ಹತ್ತಿರವೇ ತಗೊಂಡರು. ಒಂದನೆಯವರಿಗಿಂತ ಬೆಲೆ ₹1,800 ಜಾಸ್ತಿ ಆಯ್ತು. ಅದಕ್ಕೆ ಮೊದಲು ಒಂದು ಫೋನ್ ಮಾಡಿಸಿದೆ. ಕಂಪನಿಯ ಕಸ್ಟಮರ್ ಕೇರ್‌ಗೆ. ಈ ಸೆಲ್ಲರ್‌ನ ಬಿಲ್ ಇದ್ದರೆ ವಾರಂಟಿ ನಡೆಯುತ್ತದೆಯಾ, ಉಡುಪಿ ಹತ್ತಿರ ಸರ್ವಿಸ್ ಎಲ್ಲಿ ಅಂತ. ಕೆಲವು ಕಂಪನಿಗಳು ತಾವು ಒಪ್ಪಿದ ಸೆಲ್ಲರ್‌ನಿಂದ ತಗೊಳ್ಳದಿದ್ದರೆ ವಾರಂಟಿ ಕೊಡುವುದಿಲ್ಲ.

ಮೆಷಿನ್ ಬಂದ ದಿನ ಏನು ಮಾಡಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ಬಾಕ್ಸ್ ತೆರೆಯುವುದನ್ನು ಒಂದೇ ವಿಡಿಯೋದಲ್ಲಿ ತೆಗೆಯಿರಿ. ವಿಳಾಸದ ಚೀಟಿ ಮತ್ತು ಸೀರಿಯಲ್ ನಂಬರ್ ಎರಡೂ ಕಾಣಬೇಕು. ಬಿಲ್‌ನಲ್ಲಿರುವ ಹೆಸರು ನೀವು ಆರ್ಡರ್ ಮಾಡಿದ ಸೆಲ್ಲರ್‌ನದ್ದೇ ಅಂತ ನೋಡಿ, ಅಲ್ಲಿರುವ ಜಿಎಸ್‌ಟಿ ನಂಬರ್ ಹಾಕಿ ಪರೀಕ್ಷಿಸಿ. ಕಂಪ್ರೆಸರ್ ಇರುವ ಮೆಷಿನ್ ದಾರಿಯಲ್ಲಿ ಮಲಗಿಸಿಕೊಂಡು ಬಂದಿರಬಹುದು. ಹಾಗಾಗಿ ಮ್ಯಾನುಯಲ್ ಹೇಳಿದಷ್ಟು ಗಂಟೆ ನೆಟ್ಟಗೆ ನಿಲ್ಲಿಸಿ ಆಮೇಲೆ ಸ್ವಿಚ್ ಹಾಕಿ. ಆದರೆ ಮೂಲೆಯಲ್ಲಿಟ್ಟು ವಾರಗಟ್ಟಲೆ ಮರೆಯಬೇಡಿ. 7 ದಿನಗಳ ಲೆಕ್ಕ ಶುರುವಾಗುವುದು ಡೆಲಿವರಿಯ ದಿನದಿಂದ, ಸ್ವಿಚ್ ಹಾಕಿದ ದಿನದಿಂದ ಅಲ್ಲ.

ಸೆಲ್ಲರ್ ಕೈಕೊಟ್ಟರೆ ಸೈಟಿನ ಗ್ರೀವನ್ಸ್ ಆಫೀಸರ್‌ಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ 48 ಗಂಟೆಗಳಲ್ಲಿ ದೂರು ತಲುಪಿದೆ ಅಂತ ಉತ್ತರ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬಿಲ್, ಆರ್ಡರ್ ನಂಬರ್, ಆ ವಿಡಿಯೋ ಮೂರನ್ನೂ ಎದುರಿಗೆ ಇಟ್ಟುಕೊಂಡೇ ಫೋನ್ ಮಾಡಿ.